ಉಸಿರಿನ ಸಾಲು

ಪಿ.ಟಿ. ಮೇಷ್ಟ್ರಿಗೆ ಮಕ್ಕಳ ಮುಖ ನೋಡಿ ಮಾತಾಡುವ ಅಭ್ಯಾಸವಿರಲಿಲ್ಲ. ಹುಡುಗಿಯರ ಕ್ರಿಕೆಟ್ ಫೈನಲ್‌ಗೆ ಮುಂಚೆ ಹೇಳಬೇಕಾದ್ದನ್ನು ಅವರು ವಾರವಿಡೀ ಕೂತು ಬರೆದಿದ್ದರು. ಮೊದಲು ಕಣ್ಣು ಮುಚ್ಚಿ ತಮ್ಮ ಹೊಡೆತವನ್ನು ಮನಸ್ಸಿನಲ್ಲೇ ಆಡಿ ನೋಡುವುದು, ಆಮೇಲೆ ಒಬ್ಬೊಬ್ಬರಿಗೂ ಕೈಗೆಟುಕುವ ಒಂದು ಸಣ್ಣ ಗುರಿ, ಕೊನೆಗೆ ಹುರುಪೇರಿಸುವ ಕೂಗು. ಆಗಲೇ ಉದ್ವೇಗಗೊಂಡವರಿಗೆ ಕೂಗು ಬೇಡ, ನಿಧಾನವಾಗಿ ಉಸಿರು ಬಿಡಿಸಬೇಕು ಎಂದೂ ಬರೆದುಕೊಂಡಿದ್ದರು.

ಫೈನಲ್ ದಿನ ಆಟಗಾರರ ಕೋಣೆಯಲ್ಲಿ ಮೊದಲೆರಡು ಚೆನ್ನಾಗಿಯೇ ನಡೆದವು. ಸೊಳ್ಳೆ ಎಂದೇ ಎಲ್ಲರೂ ಕರೆಯುತ್ತಿದ್ದ ಓಪನರ್, "ಬ್ಯಾಟಿಗೆ ತಾಗೋವರೆಗೂ ಚೆಂಡು ನೋಡ್ತೀನಿ ಸಾರ್, ಅದೇ ನನ್ ಗುರಿ" ಎಂದಳು. ಪ್ಯಾಡಿನ ಪಟ್ಟಿಯನ್ನು ಬಿಗಿದು, ಬಿಚ್ಚಿ, ಮತ್ತೆ ಬಿಗಿಯುತ್ತಿದ್ದಳು.

"ಸಾರ್, ಇವ್ಳು ಬೆಳಿಗ್ಗೆಯಿಂದ ಎರಡು ಸಲ ವಾಂತಿ ಮಾಡ್ಕೊಂಡ್ಲು," ಎಂದಳು ವಿಕೆಟ್‌ಕೀಪರ್.

"ಲೇ ಚಾಡಿಕೋರಿ, ಸುಮ್ನಿರೇ!" ಸೊಳ್ಳೆ ಗದರಿದಳು.

ಎಲ್ಲರೂ ನಕ್ಕರು. ಮೇಷ್ಟ್ರು ಹಾಳೆಯಿಂದ ತಲೆಯೆತ್ತಲಿಲ್ಲ. "ಹುರುಪು ಬಂದ್ರೆ ಎಲ್ಲಾ ಸರಿಹೋಗುತ್ತೆ. ಎಲ್ಲಿ, ಬೆಂಚು ಬಡೀರಿ! ಇವತ್ತು ಗೆಲ್ಲಲೇಬೇಕು!"

ಕೋಣೆ ಅದುರಿಹೋಗುವಂತೆ ಹುಡುಗಿಯರು ಕೂಗಿದರು. ಸೊಳ್ಳೆ ಎಲ್ಲರಿಗಿಂತ ಜೋರಾಗಿ ಕೂಗಿದಳು.

ಮೊದಲ ಚೆಂಡಿಗೇ ಅವಳು ಕ್ರೀಸು ಬಿಟ್ಟು ನುಗ್ಗಿ, ಗಾಳಿಗೆ ಬ್ಯಾಟು ಬೀಸಿ ಸ್ಟಂಪ್ ಔಟಾದಳು. ವಾಪಸು ಬಂದವಳು ಹೆಲ್ಮೆಟ್ ಕೂಡ ತೆಗೆಯಲಿಲ್ಲ.

"ಚೆಂಡೇ ಕಾಣ್ಲಿಲ್ಲ ಸಾರ್. ಎದೆ ಡವಗುಟ್ತಾ ಇತ್ತು. ನೀವು ಗೆಲ್ಲಲೇಬೇಕು ಅಂದ್ರಲ್ಲ."

ಅವಳನ್ನು ಪಕ್ಕಕ್ಕೆ ಕರೆದು ನಾಲ್ಕು ಉಸಿರು ಬಿಡಿಸಿದ್ದರೆ ಸಾಕಿತ್ತೇನೋ ಎಂದು ಮೇಷ್ಟ್ರಿಗೆ ಆಗ ಅನ್ನಿಸಿತು. ಹಾಳೆ ಬಿಡಿಸಿ ನೋಡಿದರೆ ಉಸಿರಿನ ಸಾಲು ಅಲ್ಲೇ ಇತ್ತು.

ಸೋಮವಾರದಿಂದ ಸೊಳ್ಳೆ ಅಭ್ಯಾಸಕ್ಕೆ ಬರಲಿಲ್ಲ. ಹೋದದ್ದು ಇಷ್ಟು: ಒಂದು ಫೈನಲ್, ಒಬ್ಬಳು ಓಪನರ್.