ಒಂದು ಪರ್ಸೆಂಟ್ ಹೋಲಿಕೆ

ಐದು ವರ್ಷದಲ್ಲಿ ಅಮರೇಶ್ವರಿಗೆ ಸಿಕ್ಕ ಗಿರಾಕಿಗಳು ಎಪ್ಪತ್ತೊಂದು ಮಂದಿ. ಸಿಂಧನೂರಿನಲ್ಲಿ ಬಳೆ ಅಂಗಡಿಯವರಿಗೆ ಇಷ್ಟು ಜನ ಒಂದು ಸಂಜೆಗೆ ಬರುತ್ತಾರೆ. ಆದರೆ ಅವಳು ಮಾಡುತ್ತಿದ್ದುದು ಕೃತಕ ಕಾಲು. ಅದನ್ನು ಯಾರೂ ಹಬ್ಬಕ್ಕೆಂದು ಕೊಳ್ಳುವುದಿಲ್ಲ.

ಗಂಗಾವತಿ ರಸ್ತೆಯಲ್ಲಿ, ಗೊಬ್ಬರದಂಗಡಿಯ ಹಿಂದೆ, ಅವಳ ವರ್ಕ್‌ಶಾಪು. ಮೋಟುಗಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಳತೆ ತೆಗೆಯುವುದು, ಅದರೊಳಗೆ ಪ್ಲಾಸ್ಟರ್ ಸುರಿದು ಅಚ್ಚು ಮಾಡುವುದು, ಆಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಓವನ್ನಿನಲ್ಲಿ ಮೆತ್ತಗೆ ಮಾಡಿ ಅಚ್ಚಿನ ಮೇಲೆ ಹೊದಿಸಿ ಪಂಪಿನಿಂದ ಗಾಳಿ ಎಳೆಯುವುದು. ಪ್ಲಾಸ್ಟರು ಅವಳದು, ಕೈ ಅವಳದು. ಓವನ್ನು ಮತ್ತು ಪಂಪು ಮಾತ್ರ ಹುಬ್ಬಳ್ಳಿಯ ಒಂದು ಟ್ರಸ್ಟಿನವು. ಆ ಟ್ರಸ್ಟು ಬಹಳ ವಿನಯದ ಭಾಷೆಯಲ್ಲಿ ಒಂದು ಪತ್ರ ಕಳಿಸಿತ್ತು: ಅರವತ್ತು ದಿನದಲ್ಲಿ ಹದಿನೈದು ಹೊಸ ಜನರ ಅಳತೆ ಆಗದಿದ್ದರೆ ಯಂತ್ರಗಳನ್ನು ಕಲಬುರಗಿ ಕೇಂದ್ರಕ್ಕೆ ಒಯ್ಯಲಾಗುವುದು, ತಮ್ಮ ಸಹಕಾರಕ್ಕೆ ಧನ್ಯವಾದಗಳು.

ಓವನ್ನು ಹೋದರೆ ವರ್ಕ್‌ಶಾಪಿನಲ್ಲಿ ಉಳಿಯುವುದು ಒಂದು ಕುರ್ಚಿ ಮತ್ತು ಒಂದು ಬೋರ್ಡು.

ಮಸ್ಕಿಯಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದ ಪರ್ವೇಜ್ ಈಚೆಗೆ ತನ್ನ ಬೋರ್ಡಿನಲ್ಲಿ ‘ಡಿಜಿಟಲ್ ಮಾರ್ಕೆಟಿಂಗ್’ ಎಂದೂ ಬರೆಸಿಕೊಂಡಿದ್ದ. ಟ್ರ್ಯಾಕ್ಟರ್ ಶೋರೂಮಿನವರಿಗೆ ಅವನು ಮೊಬೈಲಿನಲ್ಲಿ ಗಿರಾಕಿ ಹುಡುಕಿಕೊಟ್ಟ ಸುದ್ದಿ ಸಿಂಧನೂರಿನ ತನಕ ಬಂದಿತ್ತು. ಅಮರೇಶ್ವರಿ ಅವನನ್ನು ಕರೆಸಿದಳು. ಮಾವ ಸೂಗಪ್ಪನವರು ವಿಭೂತಿ ಹಚ್ಚಿಕೊಂಡು ಬಂದು, ಕಾಲಿನ ಅಳತೆ ಕೊಡುವವರ ಕುರ್ಚಿಯಲ್ಲೇ ಕೂತರು.

“ಇದಕ್ಕ ಲುಕ್‌ಅಲೈಕ್ ಅಂತಾರ್ರಿ ಅಕ್ಕಾರ,” ಎಂದ ಪರ್ವೇಜ್. “ನಿಮ್ಮ ಹಳೇ ಗಿರಾಕಿಗಳ ಫೋನ್ ನಂಬರ್ ಹಾಕಾದು. ಮೊಬೈಲಿನ್ಯಾಗ ಜಾಹೀರಾತು ತೋರಿಸಾ ಕಂಪನಿ ಅವನ್ನ ಗುಪ್ತ ಅಕ್ಷರ ಮಾಡಿ, ತನ್ನ ಹತ್ರ ಇರಾ ಅಕೌಂಟ್ ಜೋಡಿ ತಾಳೆ ನೋಡ್ತದ. ಸಿಕ್ಕವರು ಏನ್ ನೋಡ್ತಾರ, ಏನ್ ಒತ್ತತಾರ, ಎಲ್ಲಿ ಅಡ್ಡಾಡ್ತಾರ, ಎಲ್ಲಾ ಅದಕ್ಕ ಗೊತ್ತು. ಅವರಂಗ ಇರಾ ಮಂದೀನ ಇಡೀ ದೇಶದಾಗ ಸಾಲಿಗೆ ನಿಂದ್ರಿಸಿ, ಭಾಳ ಹೋಲಾ ಒಂದು ಪರ್ಸೆಂಟ್ ತಗದು ಕೊಡ್ತದ.”

“ದೇಶದಾಗ ಒಂದು ಪರ್ಸೆಂಟ್ ಅಂದ್ರ ಲಕ್ಷಗಟ್ಟಲೆ ಆಯ್ತಲ್ಲೋ,” ಎಂದರು ಸೂಗಪ್ಪ. “ಅಷ್ಟು ಮಂದಿಗೆ ಕಾಲಿಲ್ಲೇನು?”

“ಅದರಾಗ ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತಲಿನವರನ್ನ ಅಷ್ಟ ಇಟ್ಕೊಂಡು ಉಳಿದವರನ್ನ ಬಿಡಾದ್ರಿ ಕಾಕಾ. ಕೆಲವು ಸಾವಿರ ಉಳೀತಾರ.”

“ಅವರಿಗೆ ಕಾಲಿಲ್ಲ ಅಂತ ಅದಕ್ಕ ಹೆಂಗ ಗೊತ್ತಾಗ್ತದ?” ಎಂದಳು ಅಮರೇಶ್ವರಿ.

ಪರ್ವೇಜ್ ಲ್ಯಾಪ್‌ಟಾಪಿನ ಪರದೆಯನ್ನು ಅವಳ ಕಡೆ ತಿರುಗಿಸಿದ. “ಅದು ಕಾಲು ನೋಡಂಗಿಲ್ರಿ. ಹೋಲಿಕಿ ನೋಡ್ತದ.”

ಈ ಮಾತು ಮುಂದಿನ ಎರಡು ತಿಂಗಳಿನಲ್ಲಿ ಆದದ್ದರ ಪೂರ್ತಿ ಸಾರಾಂಶವಾಗಿತ್ತು. ಆದರೆ ಹೇಳಿದವನೂ ಕೇಳಿದವರೂ ಅದನ್ನು ಹಾಗೇ ದಾಟಿಕೊಂಡು ಹೋದರು.

ರಿಜಿಸ್ಟರಿನಿಂದ ಎಪ್ಪತ್ತೊಂದು ನಂಬರುಗಳು ಏರಿದವು. ಈ ಜನರ ಒಪ್ಪಿಗೆ ಪಡೆದಿದ್ದೀರಾ ಎಂದು ಪರದೆ ಕೇಳಿತು. ಪರ್ವೇಜ್ ಟಿಕ್ ಹೊಡೆದ. “ರೋಗಿಗಳ ನಂಬರು ಹಿಂಗ ಕೊಡಬಹುದಾ?” ಎಂದು ಅವಳು ಕೇಳಿದಳು. “ಎಲ್ರೂ ಹೊಡೀತಾರ್ರಿ,” ಎಂದ. ಮರುದಿನ ಕಂಪನಿಯೇ ಬೇಡವೆಂದಿತು. ಒಪ್ಪಿಗೆಯ ಕಾರಣಕ್ಕಲ್ಲ, ಮಂದಿ ಸಾಲದೆಂದು. ತಾಳೆಯಾದವರು ಒಂದೇ ದೇಶದ ಕನಿಷ್ಠ ನೂರು ಮಂದಿಯಾದರೂ ಇರಬೇಕಂತೆ. ಸಾವಿರ ಇದ್ದರೆ ಚೆಂದವಂತೆ. ಎಷ್ಟು ಮಂದಿ ತಾಳೆಯಾದರೆಂದು ಅದು ಹೇಳಲೂ ಇಲ್ಲ. ಅಮರೇಶ್ವರಿ ರಿಜಿಸ್ಟರ್ ಹಿಡಿದು ತಾನೇ ಗುರುತು ಹಾಕುತ್ತ ಹೋದಳು. ಇದು ಗಿರಾಕಿಯ ಮಗನ ನಂಬರು. ಇದು ಆಶಾ ಕಾರ್ಯಕರ್ತೆಯದು. ಇದು ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಕಿರಾಣಿ ಅಂಗಡಿಯದು, ಆರು ಮಂದಿ ಅದನ್ನೇ ಕೊಟ್ಟಿದ್ದಾರೆ. ಇವು ಬಟನ್ ಫೋನು. ಕೊನೆಗೆ ಸ್ವಂತ ನಂಬರು, ಸ್ವಂತ ದೊಡ್ಡ ಫೋನು ಇದ್ದವರು ಮೂವತ್ತರ ಆಸುಪಾಸು ಉಳಿದರು.

“ಮೂವತ್ತು ಮಂದಿ ಮ್ಯಾಲ ಅದು ಏನೂ ಕಲಿಯಂಗಿಲ್ರಿ,” ಎಂದ ಪರ್ವೇಜ್. “ಅವರಾಗ ಹತ್ತು ಮಂದಿ ಕುರಿ ವಿಡಿಯೋ ನೋಡ್ತಿದ್ರ, ಕುರಿ ವಿಡಿಯೋ ನೋಡವರಿಗೆಲ್ಲಾ ಕಾಲಿಲ್ಲ ಅಂತ ತಿಳ್ಕೊಂತದ. ಮಂದಿ ಜಾಸ್ತಿ ಬೇಕು. ಯಾವುದಾರ ನಂಬರ್ ಇದ್ರ ಕೊಡ್ರಿ, ಲೋಕಲ್ ಇರಬೇಕು ಅಷ್ಟ.”

ಆಗ ಸೂಗಪ್ಪನವರು ಎದ್ದರು. ಅವರು ಓಣಿಯ ಮಠದ ದಾಸೋಹ ಸಮಿತಿಯ ಖಜಾಂಚಿ. ಹದಿನಾಲ್ಕು ವರ್ಷದಿಂದ ಅಕ್ಕಿ, ಬೇಳೆ, ಎಣ್ಣೆ ಕೊಟ್ಟ ಮುನ್ನೂರು ದಾನಿಗಳ ಹೆಸರು, ನಂಬರು ಅವರ ಕೆಂಪು ಬುಕ್ಕಿನಲ್ಲಿದ್ದವು. ಮಿಲ್ಲಿನವರು, ಅಡತಿಯವರು, ಬಟ್ಟೆ ಅಂಗಡಿಯವರು. ಎಲ್ಲರದೂ ದೊಡ್ಡ ಫೋನು.

“ಇವರೆಲ್ಲಾ ನಮ್ಮ ಮಂದಿನ,” ಎಂದರು. “ಭಾಳ ಯೋಗ್ಯರು.”

“ಮಾವಾರ, ಅವರಿಗೆ ಎರಡೂ ಕಾಲು ಅದಾವ.”

“ಸಂಖ್ಯೆ ತುಂಬಾಕಲ್ಲೇನವ್ವ. ಸಂಖ್ಯೆಗೆ ಕಾಲು ಯಾಕ ಬೇಕು?”

ಸೊಸೆಗೆ ಸರಿಯೆನಿಸಲಿಲ್ಲ. ಆದರೆ ಹದಿನಾರು ದಿನ ಆಗಲೇ ಕಳೆದಿದ್ದವು, ಮತ್ತು ತನಗೆ ತಿಳಿಯದ ವಿದ್ಯೆಯ ಮುಂದೆ ಮನುಷ್ಯ ಬಹಳ ಬೇಗ ಸುಮ್ಮನಾಗುತ್ತಾನೆ. ಈ ಸಲ ಪಟ್ಟಿ ಸ್ವೀಕಾರವಾಯಿತು. ಮೂವತ್ತು ಚಿಲ್ಲರೆ ಕಾಲಿಲ್ಲದವರು, ಸುಮಾರು ಇನ್ನೂರೈವತ್ತು ದಾನಿಗಳು. ಯಂತ್ರ ಯಾರ ಮುಖ ಕಲಿಯಿತೆಂದು ಬೇರೆ ಹೇಳಬೇಕಿಲ್ಲ.

ಜಾಹೀರಾತಿನ ಮಾತಿಗೂ ತಕರಾರು ಬಂತು. ‘ನೀವು ಕಾಲು ಕಳೆದುಕೊಂಡಿದ್ದೀರಾ?’ ಎಂದು ಪರ್ವೇಜ್ ಬರೆದದ್ದನ್ನು ಕಂಪನಿ ವಾಪಸು ಕಳಿಸಿತು. ನೋಡುವವನ ದೇಹದ ಕೊರತೆಯನ್ನು ಅವನ ಮುಖಕ್ಕೇ ಹೇಳುವಂತಿಲ್ಲ. ಪರ್ವೇಜ್ ಅದನ್ನು ಮೆತ್ತಗೆ ಮಾಡಿದ: ‘ಒಂದು ಕಾಲು, ಒಂದು ಹೊಸ ಬದುಕು. ಇಂದೇ ನಿಮ್ಮ ಹೆಸರು ಕೊಡಿ.’ ಜೊತೆಗೆ ನಗುತ್ತಿರುವ ಒಬ್ಬ ಮುದುಕನ ಚಿತ್ರ.

ಎರಡೇ ದಿನದಲ್ಲಿ ಹನ್ನೊಂದು ಹೆಸರು ಬಂದವು. ವಾರಕ್ಕೆ ಮೂವತ್ತು ದಾಟಿದವು. ಸೂಗಪ್ಪನವರು ಮಠದಲ್ಲಿ ಕಾಯಿ ಒಡೆಸಿದರು. ಅಮರೇಶ್ವರಿ ಇಪ್ಪತ್ತು ಚೀಲ ಪ್ಲಾಸ್ಟರ್ ತರಿಸಿ, ಮೊದಲ ನಂಬರಿಗೆ ಫೋನು ಹಚ್ಚಿದಳು. ಅದು ಶಿವಕಾಂತ ಎಂಬ ಅಕ್ಕಿ ಮಿಲ್ಲಿನ ಯಜಮಾನರದು.

“ಯಾವ ಕಾಲ್ರಿ ಸರ್? ಮೊಣಕಾಲಿನ ಮ್ಯಾಲೋ ಕೆಳಗೋ?”

“ಅದು ನೀವ ಹೇಳ್ಬೇಕ್ರಿ. ಯಾವುದು ಕೊಟ್ರ ಪುಣ್ಯ ಜಾಸ್ತಿ?”

“ಯಾರಿಗ್ರಿ ಕಾಲು ಬೇಕಾಗಿರಾದು?”

“ಯಾರಿಗರ ಕೊಡ್ರಿ. ನಮ್ಮ ತಂದೆಯವರ ಹೆಸರಿನ್ಯಾಗ ಒಂದು ಬರ್ಕೊಳ್ರಿ. ಕಾಲಿನ ಮ್ಯಾಲ ಹೆಸರು ಹಾಕಸಾಕ ಬರ್ತದೇನು?”

ಅವಳು ಮೂವತ್ತೆಂಟು ಮಂದಿಗೆ ಫೋನು ಮಾಡಿದಳು. ಮೂವತ್ತೊಂದು ಮಂದಿ ಕಾಲು ಕೊಡುವವರು. ಐವರು ಕೈ ತಪ್ಪಿ ಒತ್ತಿದವರು. ಇಬ್ಬರು ಅದನ್ನು ಕಾಲು ನೋವಿನ ಎಣ್ಣೆ ಎಂದು ತಿಳಿದವರು. ಕಾಲಿಲ್ಲದವರು ಒಬ್ಬರೂ ಇರಲಿಲ್ಲ.

ಪರ್ವೇಜ್ ತನ್ನ ಅಂಗಡಿಯಲ್ಲಿ ಮದುವೆಯ ಫ್ಲೆಕ್ಸ್ ಕತ್ತರಿಸುತ್ತಲೇ ಎಲ್ಲವನ್ನೂ ಕೇಳಿದ. “ಮಷೀನ್ ತಪ್ಪು ಮಾಡಿಲ್ರಿ ಅಕ್ಕಾರ. ನಾವು ಕೊಟ್ಟವರಂಥವರನ್ನ ತಂದು ಕೊಟ್ಟೈತಿ. ಮೊದಲ ಹತ್ತು ಮಂದಿ ಫಾರ್ಮ್ ತುಂಬಿದ ಮ್ಯಾಲ ಅಂಥವರಿಗೇ ಇನ್ನೂ ಜಾಸ್ತಿ ತೋರಿಸ್ತದ. ಅದರ ಲೆಕ್ಕದಾಗ ಇದು ಭಾಳ ಛಲೋ ರಿಸಲ್ಟ್.”

“ಟ್ರ್ಯಾಕ್ಟರಿನವರಿಗೆ ಹೆಂಗ ಬಂತು ಮತ್ತ?”

“ಅವರ ಹತ್ರ ನಾಲ್ಕು ಸಾವಿರ ಗಿರಾಕಿ ಇದ್ರು. ಟ್ರ್ಯಾಕ್ಟರ್ ಕೊಳ್ಳಾವ ಕೊಳ್ಳಾಕಿಂತ ಮೊದಲು ನೂರು ಸಲ ಟ್ರ್ಯಾಕ್ಟರ್ ನೋಡ್ತಾನ. ಕಾಲು ಕಳ್ಕೊಳ್ಳಾವ…” ಕತ್ತರಿ ನಿಂತಿತು. “ಮೊದಲ ಏನೂ ನೋಡಿರಂಗಿಲ್ಲ.”

ಸೂಗಪ್ಪನವರು ಸೋಲು ಒಪ್ಪುವವರಲ್ಲ. ಮೂವತ್ತೊಂದು ದಾನಿಗಳು ಸೇರಿ ಒಂದು ಓವನ್ನು ಕೊಡಿಸಿದರೆ ಟ್ರಸ್ಟಿನ ಹಂಗೇ ಬೇಡವಲ್ಲ ಎಂದು ಅವರೇ ಶಿವಕಾಂತರ ಮಿಲ್ಲಿಗೆ ಹೋದರು. ಶಿವಕಾಂತ ಚಹಾ ತರಿಸಿ, ಪೂರ್ತಿ ಕೇಳಿದರು.

“ಓವನ್ ಯಾರಿಗೆ ಕಾಣ್ತದ್ರಿ ಸೂಗಪ್ಪನವರ? ಅದು ಒಳಗ ಇರ್ತದ. ಕಾಲಂದ್ರ ಊರಾಗ ಅಡ್ಡಾಡ್ತದ.”

ಉಳಿದವರ ಮನೆಗೆ ಸೂಗಪ್ಪನವರು ಹೋಗಲಿಲ್ಲ.

ಐವತ್ತೊಂದನೆಯ ದಿನ ಗುರುಗುಂಟಾದಿಂದ ಗಾದಿಲಿಂಗ ಬಂದ. ಮುಕ್ಕುಂದದ ಕಡೆ ಭತ್ತ ಕೊಯ್ಯಲು ಹೋಗಿ ಯಂತ್ರಕ್ಕೆ ಎಡಗಾಲು ಕೊಟ್ಟವನು. ಮೂರು ವರ್ಷದಿಂದ ಅವಳು ಮಾಡಿದ ಕಾಲಿನ ಮೇಲೆ ನಡೆಯುತ್ತಿದ್ದ. ಮೋಟುಗಾಲು ಬಡವಾಗಿ, ಅದು ಕೂರುವ ಪ್ಲಾಸ್ಟಿಕ್ ಸಾಕೆಟ್ ಸಡಿಲಾಗಿತ್ತು. ಕಾಲು ಬಿಚ್ಚಿ ಟೇಬಲ್ ಮೇಲಿಟ್ಟು ಬೀಡಿ ಹುಡುಕುತ್ತ, ಅವಳ ಮುಖ ನೋಡಿ ಏನಾಯ್ತೆಂದು ಕೇಳಿದ. ಅವಳು ಹೇಳಿದಳು.

“ಹದಿನೈದು ಮಂದಿ ಅಷ್ಟನ ಡಾಕ್ಟ್ರವ್ವ?” ಎಂದ. “ನಮ್ಮೂರಾಗ ಮೂರು ಮಂದಿ ಅದಾರ. ಆದಮ್ಮ ಅಂತ, ಸಕ್ಕರಿ ಕಾಯಿಲೆಗೆ ಕಾಲು ತಗದಾರ. ದಿನಾ ನನ್ನ ಕಾಲು ಮುಟ್ಟಿ ನೋಡ್ತಾಳ, ಸಂತ್ಯಾಗ ಎತ್ತಿನ ಕಾಲು ನೋಡಿದಂಗ.”

“ಮತ್ತ ಯಾಕ ಹೇಳಲಿಲ್ಲ ನೀ?”

“ಯಾರು ಕೇಳ್ಯಾರ ನನ್ನ? ನನ್ನ ನಂಬರು ಇತ್ತಲ್ಲ ನಿನ್ನ ಹತ್ರ.”

ಇತ್ತು. ಎಪ್ಪತ್ತೊಂದು ನಂಬರೂ ಇದ್ದವು. ಅವುಗಳನ್ನು ಒಂದು ಕಂಪನಿಗೆ ಕೊಟ್ಟಿದ್ದಳೇ ಹೊರತು ಒಂದಕ್ಕೂ ಫೋನು ಮಾಡಿರಲಿಲ್ಲ. ಅಂದು ಮಧ್ಯಾಹ್ನ ಕೂತು ಎಲ್ಲಕ್ಕೂ ಮಾಡಿದಳು. ಮಗನಿಗೆ, ಆಶಾ ಕಾರ್ಯಕರ್ತೆಗೆ, ಆರ್.ಎಚ್. ಕ್ಯಾಂಪಿನ ಕಿರಾಣಿ ಅಂಗಡಿಗೆ. ಕಾಲಿಲ್ಲದವರಿಗೆ ಕಾಲಿಲ್ಲದವರು ಗೊತ್ತಿರುತ್ತಾರೆ. ಆಸ್ಪತ್ರೆಯಲ್ಲಿ ಪಕ್ಕದ ಮಂಚ, ಪಿಂಚಣಿ ಸಾಲಿನಲ್ಲಿ ಹಿಂದಿನವರು. ಸಂಜೆಯೊಳಗೆ ಹತ್ತೊಂಬತ್ತು ಹೆಸರು ಸಿಕ್ಕವು.

ಆದರೆ ಹೆಸರು ಬೇರೆ, ಬರುವುದು ಬೇರೆ. ಒಬ್ಬನಿಗೆ ಕರೆತರುವ ತಮ್ಮ ನಾಟಿ ಕೆಲಸದಲ್ಲಿದ್ದ. ಒಬ್ಬಾಕೆಯ ಗಾಯ ಇನ್ನೂ ಮಾಗಿರಲಿಲ್ಲ. ಇಬ್ಬರು ಅಮಾವಾಸ್ಯೆ ಕಳೆಯಲಿ ಎಂದರು. ಅರವತ್ತನೆಯ ದಿನದ ಬೆಳಿಗ್ಗೆಗೆ ಒಂಬತ್ತು ಮಂದಿಯ ಅಳತೆಯಾಗಿ, ಒಂಬತ್ತು ಬಿಳಿ ಅಚ್ಚುಗಳು ಗೋಡೆಗುಂಟ ಸಾಲಾಗಿ ನಿಂತಿದ್ದವು. ಅಳತೆಯ ಅವಸರದಲ್ಲಿ ಒಂದಕ್ಕೂ ಪ್ಲಾಸ್ಟಿಕ್ ಹೊದಿಸಲು ಹೊತ್ತು ಸಿಕ್ಕಿರಲಿಲ್ಲ.

ಹತ್ತು ಗಂಟೆಗೆ ವ್ಯಾನು ಬಂತು. ಟ್ರಸ್ಟಿನವನು ಅಚ್ಚುಗಳನ್ನು ಎರಡು ಸಲ ಎಣಿಸಿದ. ಅವಳು ಉಳಿದ ಹತ್ತು ಹೆಸರು ತೋರಿಸಿದಳು. ಹತ್ತು ದಿನ ಕೇಳಿದಳು.

“ಹೆಸರು ಬರೆಯಾಕ ನನ್ನ ಫಾರ್ಮಿನ್ಯಾಗ ಜಾಗ ಇಲ್ರಿ ಮೇಡಂ,” ಎಂದ. “ಅಚ್ಚು ಬೇಕಾದ್ರ ಒಯ್ತೀವಿ, ಕಲಬುರಗಿಯಾಗ ಮಾಡ್ಕೊಡ್ತಾರ. ಪೇಷಂಟ್ ಮೂರ್ನಾಲ್ಕು ಸಲ ಬರಬೇಕಾಗ್ತದ ಅಷ್ಟ.”

ಓವನ್ನು ಬಾಗಿಲಲ್ಲಿ ಹಿಡಿಸಲಿಲ್ಲ. ತಂದಾಗ ಬಾಗಿಲ ಚೌಕಟ್ಟು ಬಿಚ್ಚಿದ್ದರು, ಈಗಲೂ ಬಿಚ್ಚಿದರು. ಅದೇ ಹೊತ್ತಿಗೆ ಆದಮ್ಮ ಎರಡು ಬಸ್ಸು ಬದಲಿಸಿ, ಕಂಕುಳ ಕೋಲಿನ ಮೇಲೆ ಬಂದು ತಲುಪಿದಳು. ಅಳತೆ ಕೊಟ್ಟು ಆರು ದಿನವಾಗಿತ್ತು. ಕಾಲು ಆಗಿರಬಹುದೆಂದು ಬಂದಿದ್ದಳು. ಅಮರೇಶ್ವರಿ ಎಲ್ಲವನ್ನೂ ಹೇಳುವಾಗ ಅವಳು ಚೌಕಟ್ಟಿಲ್ಲದ ಬಾಗಿಲನ್ನೇ ನೋಡುತ್ತಿದ್ದಳು.

“ಕಲಬುರಗಿ ನನ್ನಿಂದಾಗಂಗಿಲ್ಲವ್ವ,” ಎಂದಳು. “ಈ ಅಚ್ಚಿನ್ಯಾಗ ನಂದು ಯಾವುದು?”

ಅಮರೇಶ್ವರಿ ಎಡದಿಂದ ನಾಲ್ಕನೆಯದನ್ನು ತೋರಿಸಿದಳು. ಆದಮ್ಮ ಕುರ್ಚಿಯಲ್ಲಿ ಕೂತು ಅದನ್ನು ತೊಡೆಯ ಮೇಲೆ ಇರಿಸಿಕೊಂಡು ಕೈಯಾಡಿಸಿದಳು.

“ಇದನ್ನ ಜ್ವಾಕಿಯಿಂದ ಮನ್ಯಾಗ ಇಟ್ಟಿರ್ತೀನಿ. ನೀ ಮತ್ತ ಒಲಿ ತಂದಾಗ ಕೊಡ್ತೀನಿ. ಕೆಡಂಗಿಲ್ಲಲ?”

“ಇದು ಕೆಡಂಗಿಲ್ಲವ್ವ. ನಿನ್ನ ಕಾಲು ಬಡವಾಗ್ತದ. ಆರು ತಿಂಗಳಾದ ಮ್ಯಾಲ ಇದು ನಿನಗ ಹೊಂದಂಗಿಲ್ಲ.”

ಹೊರಗೆ ವ್ಯಾನಿನ ಬಾಗಿಲು ಮುಚ್ಚಿದ ಸದ್ದಾಯಿತು. ಆದಮ್ಮ ಸೆರಗಿನಲ್ಲಿ ಅಚ್ಚನ್ನು ಸುತ್ತಿ ಬೆನ್ನಿಗೆ ಕಟ್ಟಿಕೊಡಲು ಹೇಳಿದಳು. ಎರಡು ಕೈಯೂ ಕೋಲಿಗೆ ಬೇಕಾಗಿದ್ದವು. ಅಮರೇಶ್ವರಿ ಕಟ್ಟಿಕೊಟ್ಟು, ಬಸ್‌ಸ್ಟ್ಯಾಂಡಿನ ತನಕ ಅವಳ ಜೊತೆ ನಡೆದಳು.