ಹದಿಮೂರನೇ ಸಾಲಿನ ಕ್ಲಿಕ್

ಜವರಮ್ಮಜ್ಜಿ ಕಥೆ ಹೇಳುವಾಗ ಕೇಳುವವರು ಸಾಲಿಗೊಮ್ಮೆ ‘ಹೂಂ’ ಅನ್ನಲೇಬೇಕಿತ್ತು. ಅನ್ನದಿದ್ದರೆ ಕುದುರೆ ಹತ್ತಲು ಒಂದು ಕಾಲೆತ್ತಿದ ರಾಜಕುಮಾರ ಹಾಗೇ ನಿಂತಿರುತ್ತಿದ್ದ. ಮೊಮ್ಮಗಳು ಕವನಾ ಎಷ್ಟೋ ಸಲ ಬೇಕೆಂದೇ ಬಾಯಿ ಮುಚ್ಚಿ ಕೂತು ಅವನನ್ನು ಗೋಳುಹೊಯ್ದುಕೊಂಡಿದ್ದಳು.

ಮುಂದೆ ಅವಳು ಮೂಡಿಗೆರೆಯಲ್ಲಿ ಹರ್ಷವರ್ಧನನ ಕಂಪ್ಯೂಟರ್ ಅಂಗಡಿಗೆ ಕೆಲಸಕ್ಕೆ ಸೇರಿದಳು. 2003ರಲ್ಲಿ ಅವನು ಎಸ್ಟೇಟುಗಳ ಮಳೆ ದಾಖಲೆ ಇಡುವ ಸಾಫ್ಟ್‌ವೇರ್ ಮಾಡಿಸಿದ. ಬೆಳೆಗಾರರ ಮುಂದೆ ಅದನ್ನು ನಡೆಸಿ ತೋರಿಸುವಾಗ ಹೇಳಬೇಕಾದ ಮಾತನ್ನೆಲ್ಲ ಬರೆದವಳು ಕವನಾ. ಹಾಳೆಯ ನಡುವೆ ಒಂದು ಗೆರೆ; ಬಲಕ್ಕೆ ಆಡುವ ಮಾತು, ಎಡಕ್ಕೆ ಯಾವ ಪದ ಬಂದಾಗ ಎಲ್ಲಿ ಕ್ಲಿಕ್ ಮಾಡಬೇಕೆಂಬ ಗುರುತು. ಕಾಫಿ ಹೂ ಅರಳಿಸುವ ಹೂಮಳೆಯ ವರದಿ ತೆರೆಯಲು ಆ ಹಳೇ ಕಂಪ್ಯೂಟರಿಗೆ ಒಂಬತ್ತು ಸೆಕೆಂಡು ಬೇಕಿತ್ತು. ಅದಕ್ಕೇ ಹದಿಮೂರನೇ ಸಾಲನ್ನು ಸರಿಯಾಗಿ ಒಂಬತ್ತು ಸೆಕೆಂಡಿಗೆ ಹೆಣೆದಿದ್ದಳು. ಅದರ ಮೊದಲ ಪದಕ್ಕೆ ಕ್ಲಿಕ್. ಸಾಲು ಮುಗಿದು, ಹದಿನಾಲ್ಕನೆಯದರ ‘ಈಗ ನೋಡಿ’ ಅನ್ನುವಷ್ಟರಲ್ಲಿ ಪರದೆಯ ಮೇಲೆ ಐದು ವರ್ಷದ ಮಳೆ. ಗಡಿಯಾರ ಹಿಡಿದು ನಲವತ್ತು ಸಲ ತಾನೇ ಹೇಳಿ ನೋಡಿದ್ದಳು.

ಆದರೆ ಹೇಳುವ ಭಾಗ್ಯ ಹೋದದ್ದು ಸ್ವಾತಿಗೆ. ಅವಳು ಅಂಗಡಿಗೆ ಸೇರಿ ಹದಿನೈದು ದಿನವಾಗಿತ್ತಷ್ಟೆ.

“ನಿನ್ನ ಧ್ವನಿ ಮೂರನೇ ಸಾಲಿನ ಕುರ್ಚಿಗೇ ಮುಟ್ಟಲ್ಲ ಕವನಾ,” ಎಂದಿದ್ದ ಹರ್ಷವರ್ಧನ. “ಇವತ್ತು ಸ್ವಾತಿ ಚೆನ್ನಾಗಿ ಹೇಳಿದ್ರೆ ಆಲ್ದೂರು, ಕಳಸ ಎಲ್ಲಾ ಕಡೆಗೂ ಅವಳೇ. ನೀನು ಮೌಸ್ ಹಿಡ್ಕೊ.”

ಬೆಳೆಗಾರರ ಸಂಘದ ಹಾಲ್‌ನಲ್ಲಿ ಸ್ವಾತಿ ನಿಂತು ಮಾತಾಡುತ್ತಿದ್ದಳು. ಕವನಾ ಮೂಲೆಯ ಮೇಜಿನಲ್ಲಿ ಬಾಣದ ಗುರುತನ್ನು ಮುಂದಿನ ಗುಂಡಿಯ ಮೇಲೆ ಮೊದಲೇ ತಂದಿಟ್ಟು ಕಾಯುತ್ತಿದ್ದಳು. ತನ್ನ ಮಾತು, ತಾನು ಇಟ್ಟ ಉಸಿರು, ತಾನು ಬರೆದ ನಗು. ಎಲ್ಲ ಇನ್ನೊಬ್ಬಳ ಬಾಯಲ್ಲಿ ಎಷ್ಟು ಚಂದ! ತನ್ನ ಸೀರೆಯನ್ನು ಬೇರೆಯವಳು ಉಟ್ಟು ಮೆರೆಯುವುದನ್ನು ನೋಡಿದಂತಿತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿ ಬೆಳೆಗಾರ ಓಂಕಾರಪ್ಪನವರು ತಲೆದೂಗುತ್ತಿದ್ದರು. ಅವರ ಹಳೇ ಮಳೆ ಪುಸ್ತಕವನ್ನೇ ಕವನಾ ವಾರಗಟ್ಟಲೆ ಕೂತು ಕಂಪ್ಯೂಟರಿಗೆ ತುಂಬಿಸಿದ್ದಳು. ಆದರೂ ಅವರು ಮೆಚ್ಚಿ ನೋಡುತ್ತಿದ್ದದ್ದು ಸ್ವಾತಿಯನ್ನು.

ಹದಿಮೂರನೇ ಸಾಲು ಶುರುವಾಯಿತು.

ಕವನಾಳ ಬೆರಳು ಅಲುಗಲಿಲ್ಲ. ನಿಲ್ಲಲಿ ರಾಜಕುಮಾರಿ, ಒಂಟಿ ಕಾಲಲ್ಲಿ.

“ಈಗ ನೋಡಿ, ಐದು ವರ್ಷದ ಹೂಮಳೆ ನಿಮ್ಮ ಕಣ್ಣೆದುರಿಗೇ!” ಎಂದು ಸ್ವಾತಿ ಕೈ ಚಾಚಿದಳು. ಪರದೆಯ ಮೇಲೆ ಖಾಲಿ ಪುಟ.

“ಎಲ್ಲಿ ಮಾರಾಯ್ತಿ? ಈ ವರ್ಷ ಮಳೆನೇ ಕೈಕೊಡ್ತಾ?” ಎಂದರು ಓಂಕಾರಪ್ಪ. ಹಾಲ್ ಗೊಳ್ಳೆಂದಿತು. ಹರ್ಷವರ್ಧನ ಬೆವರಿದ.

ಸ್ವಾತಿ ತಿರುಗಿ ಕವನಾಳ ಕೈ ನೋಡಿದಳು. ಮೌಸಿನ ಮೇಲೆ ಕಲ್ಲಿನಂತೆ ಕೂತ ಕೈ. ಅವಳಿಗೆ ಅರ್ಥವಾಯಿತು. ಮತ್ತೆ ಸಭೆಯ ಕಡೆ ತಿರುಗಿದಳು.

“ಸರ್, ನಿಮ್ಮ ತೋಟಕ್ಕೆ ಈ ವರ್ಷ ಹೂಮಳೆ ಯಾವತ್ತು ಬಂತು?”

“ಮಾರ್ಚ್ ಹನ್ನೊಂದು. ತೊಂಬತ್ತು ಸೆಂಟು, ಇಂಚಿಗೆ ಹತ್ತೇ ಸೆಂಟು ಕಮ್ಮಿ.”

“ಹೋದ ವರ್ಷ?”

ಓಂಕಾರಪ್ಪ ಗದ್ದ ಕೆರೆದುಕೊಂಡರು. “ಮಾರ್ಚ್ ಕೊನೇಲಿ ಇರ್ಬೇಕು…”

“ಎಂಥ ಮಾರ್ಚ್? ಏಪ್ರಿಲ್ಲು! ನಿಮ್ ಬೇಲಿ ಆಚೆನೇ ನಾನಿರೋದು,” ಎಂದರು ಪಕ್ಕದಲ್ಲಿದ್ದ ಬಣಕಲ್‌ನ ಷಡಕ್ಷರಿ. ಇಬ್ಬರಿಗೂ ಹತ್ತಿಕೊಂಡಿತು. ಹಿಂದಿನವರೂ ತಮ್ಮ ತಮ್ಮ ತೋಟದ ಮಳೆ ಹಿಡಿದು ಸೇರಿಕೊಂಡರು.

ಸ್ವಾತಿ ಗದ್ದಲ ಏರಲು ಬಿಟ್ಟಳು. ಆಮೇಲೆ ಮೆಲ್ಲಗೆ, “ಕವನಾ, ಸರ್‌ಗೆ ತೋರಿಸ್ತೀಯಾ?” ಎಂದಳು.

ಕವನಾ ಒತ್ತಿದಳು. ಒಂಬತ್ತು ಸೆಕೆಂಡು ಎಲ್ಲರ ಕಣ್ಣೂ ಪರದೆಯ ಮೇಲೆ. ಅವಳ ಹದಿಮೂರನೇ ಸಾಲು ಯಾರಿಗೂ ಬೇಕಾಗಲೇ ಇಲ್ಲ. ನೀಲಿ ಕಂಬಗಳು ಎದ್ದವು: ಕಳೆದ ವರ್ಷ, ಏಪ್ರಿಲ್ ಎರಡು.

“ಅಯ್ಯೋ, ನಂದೇ ಪುಸ್ತಕ, ನಂಗೇ ಮರ್ತುಹೋಗಿತ್ತಲ್ಲ!” ಎಂದು ಓಂಕಾರಪ್ಪ ಎದ್ದೇಬಿಟ್ಟರು.

ಕಾಫಿಯ ಹೊತ್ತಿಗೆ ಹರ್ಷವರ್ಧನ ಹಾಳೆ ಹಿಡಿದು ಓಡಿಬಂದ. “ಖಾಲಿ ಪುಟದಲ್ಲೇ ನಿಲ್ಸಿದ್ದು ಯಾರ ಐಡಿಯಾ?”

ಕವನಾ ಮೌಸಿನ ವೈರು ಸುತ್ತತೊಡಗಿದಳು.

“ಅವಳದ್ದೇ,” ಎಂದಳು ಸ್ವಾತಿ, ಲೋಟದಿಂದ ಕಣ್ಣೆತ್ತದೆ. “ನಿಲ್ಸಿದ್ದು ಅವಳು. ನಾನು ಮಾತಾಡ್ದೆ ಅಷ್ಟೆ.”

ಸ್ವಾತಿ ಬೈದಿದ್ದರೆ ಚೆನ್ನಾಗಿತ್ತು. ಕವನಾಳಿಗೆ ಇಷ್ಟು ಹೊತ್ತು ಆ ಕಂಠದ ಮೇಲೆ ಹೊಟ್ಟೆಕಿಚ್ಚಿತ್ತು. ಈಗ ಈ ದೊಡ್ಡತನದ ಮೇಲೂ ಹುಟ್ಟಿತು.

“ಸರಿ, ಆಲ್ದೂರಲ್ಲೂ ಸ್ವಾತಿನೇ ಹೇಳ್ಲಿ. ಅದನ್ನೆಲ್ಲ ಹಾಳೇಲಿ ಸೇರ್ಸು ಕವನಾ,” ಎಂದು ಹೊರಟ ಹರ್ಷವರ್ಧನ.

ಕವನಾ ಪೆನ್ನು ತೆಗೆದು ಹದಿಮೂರನೇ ಸಾಲನ್ನು ಹೊಡೆದುಹಾಕಿದಳು. ಬಲಕ್ಕೆ ಸ್ವಾತಿಯ ಪ್ರಶ್ನೆಯನ್ನು ಅಕ್ಷರ ಬಿಡದೆ ಬರೆದಳು. ಎಡಕ್ಕೆ ಬರೆಯಬೇಕಾದದ್ದಕ್ಕೆ ಬಹಳ ಹೊತ್ತು ಹಿಡಿಯಿತು: ‘ಅವಳು ನನ್ನ ಹೆಸರು ಹಿಡಿದು ಕರೆಯುವವರೆಗೆ ಕ್ಲಿಕ್ ಇಲ್ಲ.’