ಗೂಡಿನ ರೇಟು ಓದುತ್ತಿದ್ದ ಬಟನ್

ಹುತ್ತೂರಿನಲ್ಲಿ ರೇಷ್ಮೆಹುಳು ಸಾಕುವ ಶಾಮಲಮ್ಮನಿಗೆ ಓದು ಬಾರದು. ಮೊಬೈಲಿನ ಆ್ಯಪ್ ಅವರಿಗೆ ರೇಷ್ಮೆಗೂಡಿನ ರೇಟನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಹೊಸ ಅಪ್‌ಡೇಟ್ ಬಂದಮೇಲೆ ಆ ಬಟನ್ ಮಾಯವಾಯಿತು. ರೇಟು ಪರದೆಯ ತಳಕ್ಕೆ ಸರಿದು, ಮೇಲೆ ಔಷಧಿ ಮಾರುವ ವಿಡಿಯೋ ಕುಣಿಯತೊಡಗಿತು. ಆ್ಯಪ್ ಊದಿಕೊಂಡು ಫೋನಿನಲ್ಲಿ ಫೋಟೋಗೂ ಜಾಗವಿಲ್ಲದಾಯಿತು.

ಆ ಆ್ಯಪ್ ತಯಾರಿಸುವ ಕೋಲಾರದ ಕಂಪನಿಯಲ್ಲೇ ಅವರ ತಂಗಿಯ ಮಗಳು ಶ್ರೀವಾಣಿಗೆ ಕೆಲಸ. ಶಾಮಲಮ್ಮ ಫೋನ್ ಮಾಡಿದರು.

"ಏನೇ ವಾಣಿ, ಚೆನ್ನಾಗಿದ್ದಿದ್ದನ್ನ ಯಾಕೆ ಕೆಡಿಸಿದ್ರಿ?"

"ವಿಡಿಯೋ, ಜಾಹೀರಾತು ತೋರಿಸೋ ಪ್ರೋಗ್ರಾಮೆಲ್ಲ ಒಳಗೆ ತುಂಬಿದೀವಿ ದೊಡ್ಡಮ್ಮ, ಅದಕ್ಕೇ ದಪ್ಪ ಆಗಿದೆ. ಅವು ಮೇಲಿದ್ರೆ ಜನ ಒತ್ತುತಾರೆ, ಕಂಪನಿಗೆ ದುಡ್ಡು ಬರುತ್ತೆ."

"ಓದೋ ಬಟನ್ನು?"

"ನೂರಕ್ಕೆ ಮೂರು ಜನ ಒತ್ತುತಿದ್ರಂತೆ. ಅಷ್ಟಕ್ಕೋಸ್ಕರ ಪ್ರತಿ ಹೊಸ ಫೋನಿಗೂ ಅದನ್ನ ಹೊಂದಿಸ್ತಾ ಕೂರೋದು ದಂಡ ಅಂತ ತೆಗೆದರು."

"ಆ ಮೂರು ಜನಕ್ಕೆ ಓದೋಕ್ ಬರಲ್ಲ ಕಣೇ."

ಶ್ರೀವಾಣಿ ಈ ಮಾತನ್ನು ಮ್ಯಾನೇಜರ್ ಮುಂದಿಟ್ಟಳು. ಅವರು ಉದಾರಿಗಳು. ಬಟನ್ ಬೇಕಾದವರು ಆ್ಯಪಿನಲ್ಲೇ ಬರೆದು ತಿಳಿಸಲಿ, ಪರಿಶೀಲಿಸೋಣ ಎಂದರು.

ಒಂದು ದೂರೂ ಬರಲಿಲ್ಲ. ಎಲ್ಲರೂ ತೃಪ್ತರಾಗಿದ್ದಾರೆಂದು ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಶ್ರೀವಾಣಿ ತಿನ್ನದೆ ಹೊರಗೆ ಬಂದು, ದೊಡ್ಡಮ್ಮನಿಗೆ ಫೋನ್ ಮಾಡಿ ಅವತ್ತಿನ ರೇಟು ಓದಿ ಹೇಳಿದಳು.